ಯಾವ ಕೋಣೆಗೆ ಹೋದರೂ ಅದೇ ಅಳತೆ

ಮಾನ್ಯ ಸಂಪಾದಕರೇ,
ನಮ್ಮ ಕಂಪನಿಯ ಕ್ಯಾಂಪಸ್ ನೇಮಕಾತಿಯ ಹೊಣೆ ಈ ಸಲವೂ ನನ್ನ ಹೆಗಲಿಗೆ ಬಿದ್ದಿದೆ. ಸುಮಾರು 500 ವಿದ್ಯಾರ್ಥಿಗಳು, ಆರು ಸಂದರ್ಶನ ತಂಡಗಳು, ಹತ್ತು ಹುದ್ದೆಗಳು. ಬೆಳಿಗ್ಗೆ ಲಿಖಿತ ಪರೀಕ್ಷೆ, ಸಂಜೆಗೆ ಪಟ್ಟಿ. ಕಳೆದ ಸಲ ಒಂದೇ ಕೋಣೆಯಿಂದ ಏಳು ಮಂದಿ ಆಯ್ಕೆಯಾದರು, ಪಕ್ಕದ ಕೋಣೆಯಿಂದ ಒಬ್ಬರೂ ಇಲ್ಲ. ಇದನ್ನು ತಪ್ಪಿಸುವುದು ಹೇಗೆ?
– ಒಬ್ಬ ನೇಮಕಾತಿ ಅಧಿಕಾರಿ

ಮೊದಲು ಗಡಿಯಾರದ ಲೆಕ್ಕ ಮುಗಿಸಿಕೊಳ್ಳಿ. ಸಂದರ್ಶನಕ್ಕೆ 20 ನಿಮಿಷ, ಅಂಕ ಬರೆಯಲು 5 ನಿಮಿಷ ಎಂದುಕೊಂಡರೆ ಐದು ಗಂಟೆಯಲ್ಲಿ ಒಂದು ತಂಡ 12 ಮಂದಿಯನ್ನು ನೋಡಬಹುದು. ಆರು ತಂಡಗಳಿಗೆ 72. ಆದರೆ 66 ಮಂದಿಗೆಂದೇ ಯೋಜನೆ ಹಾಕಿ, ಪ್ರತಿ ಕೋಣೆಗೂ ಒಂದು ಜಾಗ ಖಾಲಿ ಇರಲಿ.

ಆ ಖಾಲಿ ಜಾಗ ಏಕೆಂದರೆ, ಕಟ್ ಆಫ್ ಗೆರೆ ಸಾಮಾನ್ಯವಾಗಿ ಒಂದೇ ಅಂಕ ಪಡೆದವರ ಗುಂಪಿನ ನಡುವೆ ಬಂದು ನಿಲ್ಲುತ್ತದೆ. ಲಿಖಿತ ಪರೀಕ್ಷೆಯಲ್ಲಿ 20 ಮತ್ತು ಅದಕ್ಕಿಂತ ಹೆಚ್ಚು ಅಂಕ ಪಡೆದವರು 58, ಸರಿಯಾಗಿ 19 ಪಡೆದವರು 14 ಎನ್ನೋಣ. 66ನೆಯವರಲ್ಲಿ ಗೆರೆ ಎಳೆದರೆ ಆ ಹದಿನಾಲ್ವರಲ್ಲಿ ಎಂಟು ಮಂದಿ ಒಳಗೆ, ಆರು ಮಂದಿ ಹೊರಗೆ. ಹೊರಗುಳಿದವರಿಗೆ ನೀವು ಯಾವ ಕಾರಣ ಹೇಳುತ್ತೀರಿ? ಉತ್ತರ ಪತ್ರಿಕೆ ಬೇಗ ಕೊಟ್ಟವರು, ಹಾಜರಿ ಪಟ್ಟಿಯಲ್ಲಿ ಹೆಸರು ಮೊದಲಿದ್ದವರು ಎಂಬ ನೆಪಗಳೆಲ್ಲ ಇಲ್ಲಿಯೇ ನುಸುಳುವುದು. ಸಮಾನ ಅಂಕದವರನ್ನು ಎಲ್ಲರನ್ನೂ ಕರೆಯಿರಿ, ಇಲ್ಲವೇ ಯಾರನ್ನೂ ಕರೆಯಬೇಡಿ. ಇಲ್ಲಿ ಕರೆದರೆ ಸರಿಯಾಗಿ 72 ಆಗುತ್ತದೆ. ಜಾಗ ಮೀರುವಂತಿದ್ದರೆ 20ಕ್ಕೇ ಗೆರೆ ಎಳೆಯಿರಿ. ಈ ನಿಯಮವನ್ನು ಪರೀಕ್ಷೆಗೆ ಮೊದಲೇ ಪ್ರಕಟಿಸಿಬಿಡಿ.

ಲಿಖಿತ ಪರೀಕ್ಷೆಯ ನಂತರ ಗುಂಪು ಚರ್ಚೆ ಇಡುವ ರೂಢಿಯೂ ಇದೆ. ಗಟ್ಟಿ ಗಂಟಲಿನವರನ್ನು ಆರಿಸುವುದು ನಿಮ್ಮ ಉದ್ದೇಶವಲ್ಲದಿದ್ದರೆ ಅದನ್ನು ಕೈಬಿಡಿ.

ಇನ್ನು ಕೋಣೆಗಳ ವಿಷಯ. ಬಂದ ಸಾಲಿನಂತೆಯೋ ವಿಭಾಗವಾರಾಗಿಯೋ ಹಂಚಿದರೆ ಒಂದು ಕೋಣೆಗೆ ಗಟ್ಟಿಗರೇ ಸೇರಬಹುದು. ಆಗ ಆ ತಂಡ ಉದಾರವಾಗಿತ್ತೋ, ಎದುರಿಗೆ ಕುಳಿತವರೇ ಚೆನ್ನಾಗಿದ್ದರೋ ಎಂದು ಹೇಳಲಾಗದು. ಹಾವಿನಂತೆ ಸುತ್ತಿ ಹಂಚಿ: ಲಿಖಿತ ಅಂಕದ ಕ್ರಮದಲ್ಲಿ ಮೊದಲ ಆರು ಮಂದಿ ಒಂದರಿಂದ ಆರನೆಯ ಕೋಣೆಗೆ, ಏಳನೆಯವರಿಂದ ಹನ್ನೆರಡನೆಯವರವರೆಗೆ ಆರರಿಂದ ಒಂದಕ್ಕೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಆರೂ ಕೋಣೆಗಳ ಲಿಖಿತ ಸರಾಸರಿ ಹತ್ತಿರಹತ್ತಿರ ಬರುತ್ತದೆ. ಆಮೇಲೆ ಪ್ರತಿ ಕೋಣೆಯೊಳಗಿನ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿ. ಇಲ್ಲವಾದರೆ ಹೆಚ್ಚು ಅಂಕದವರೆಲ್ಲ ಮೊದಲು ಬಂದು, ಗೆರೆಯ ಹತ್ತಿರದವರಿಗೆ ದಣಿದ ಸಂದರ್ಶಕರು ಸಿಗುತ್ತಾರೆ. ಲಿಖಿತ ಅಂಕವನ್ನು ಮಾತ್ರ ಸಂದರ್ಶಕರಿಗೆ ತೋರಿಸಬೇಡಿ. 28 ಎಂದು ಗೊತ್ತಾದ ಮೇಲೆ ತೊದಲಿದ ಉತ್ತರವೂ ಆಳವಾಗಿ ಕೇಳುತ್ತದೆ.

ಎಲ್ಲ ಕೋಣೆಗಳಲ್ಲೂ ಅವೇ ನಾಲ್ಕು ಪ್ರಶ್ನೆಗಳಿರಲಿ, ಒಂದೊಂದಕ್ಕೆ 5 ಅಂಕ. 'ಉತ್ತಮ', 'ಸಾಧಾರಣ' ಎಂದು ಬರೆದರೆ ಸಾಲದು. ಒಂದು ಪ್ರೋಗ್ರಾಂನ ದೋಷ ಹುಡುಕುವ ಪ್ರಶ್ನೆಯಾದರೆ, ಸುಳಿವು ಕೊಟ್ಟರೂ ಸಿಗದಿದ್ದರೆ 1, ಸುಳಿವಿನ ನಂತರ ಸಿಕ್ಕರೆ 3, ತಾನೇ ಹುಡುಕಿ ಕಾರಣವನ್ನೂ ವಿವರಿಸಿದರೆ 5 ಎಂದು ಹಾಳೆಯ ಮೇಲೆಯೇ ಅಚ್ಚಾಗಿರಲಿ. ತಂಡದ ಇಬ್ಬರೂ ಮಾತಾಡಿಕೊಳ್ಳುವ ಮೊದಲು ಬೇರೆ ಬೇರೆಯಾಗಿ ಅಂಕ ಬರೆಯಲಿ. ಹಿರಿಯರು ಮೊದಲು ಬಾಯಿಬಿಟ್ಟರೆ ಕಿರಿಯರ ಪೆನ್ನು ಅತ್ತಲೇ ವಾಲುತ್ತದೆ. ಮೊದಲ ಸರದಿಯ ಪ್ರಶ್ನೆಗಳು ಹೊರಗೆ ಕಾಯುವವರಿಗೆ ತಲುಪುವುದಂತೂ ಖಚಿತ. ಅದಕ್ಕೇ ಒಂದೇ ತೂಕದ ಎರಡು ಮೂರು ಪ್ರಶ್ನೆಗುಚ್ಛಗಳನ್ನು ಸಿದ್ಧಮಾಡಿ, ಆರೂ ಕೋಣೆಗಳಲ್ಲಿ ಒಂದೇ ಹೊತ್ತಿಗೆ ಬದಲಿಸಿ.

ಇಷ್ಟಾದರೂ ಒಂದು ಕೋಣೆಯ ಸರಾಸರಿ 20ಕ್ಕೆ 14, ಇನ್ನೊಂದರದು 10 ಬರಬಹುದು. ಆಗ ನೇರವಾಗಿ ಅಂಕ ಹೋಲಿಸಬೇಡಿ. ಮೊದಲ ಕೋಣೆಯಲ್ಲಿ 15 ಪಡೆದವರು ಸರಾಸರಿಗಿಂತ ಒಂದೇ ಅಂಕ ಮೇಲಿದ್ದಾರೆ. ಎರಡನೆಯದರಲ್ಲಿ 14 ಪಡೆದವರು ನಾಲ್ಕು ಅಂಕ ಮೇಲಿದ್ದಾರೆ. ಕೋಣೆಯ ಸರಾಸರಿ ಕಳೆದು ಉಳಿದದ್ದರ ಮೇಲೆ ಎಲ್ಲರನ್ನೂ ಒಂದೇ ಪಟ್ಟಿಗೆ ತನ್ನಿ.

ಆದರೆ ಹನ್ನೆರಡು ಮಂದಿಯ ಸರಾಸರಿ ಅಷ್ಟೇನೂ ಭದ್ರವಲ್ಲ. ಲಿಖಿತ ಅಂಕ ಸಮವಾಗಿದ್ದರೂ ಸಂದರ್ಶನದಲ್ಲಿ ನಿಜಕ್ಕೂ ಚೆನ್ನಾಗಿ ಉತ್ತರಿಸುವವರು ಒಂದೆಡೆ ಸೇರಿರಬಹುದು. ಹಾಗಾಗಿ ಈ ಲೆಕ್ಕದಿಂದಲೇ ತೀರ್ಪು ಕೊಡಬೇಡಿ. ಮೊದಲ ಐವರು ಸಾಮಾನ್ಯವಾಗಿ ನೇರ ಅಂಕ, ಸರಾಸರಿ ಕಳೆದ ಅಂಕ ಎರಡೂ ಲೆಕ್ಕದಲ್ಲಿ ಮೇಲೆಯೇ ಇರುತ್ತಾರೆ, ಅವರನ್ನು ಆರಿಸಿಕೊಳ್ಳಿ. 6ರಿಂದ 15ನೆಯ ಸ್ಥಾನದವರನ್ನು, ಹಾಗೂ ಎರಡು ಲೆಕ್ಕಗಳಲ್ಲಿ ಒಂದರಲ್ಲಿ ಮಾತ್ರ ಒಳಗೆ ಬಂದವರನ್ನು, ಬೇರೊಂದು ತಂಡದ ಮುಂದೆ 15 ನಿಮಿಷ ಕೂರಿಸಿ, ಮೊದಲ ಅಂಕ ತಿಳಿಸದೆ. ಒಂದು ತಂಡಕ್ಕೆ ಹೆಚ್ಚೆಂದರೆ ಇಬ್ಬರೋ ಮೂವರೋ ಬಂದಾರು, ಮುಕ್ಕಾಲು ಗಂಟೆಯ ಕೆಲಸ. ಉಳಿದ ಐದು ಹುದ್ದೆಗಳನ್ನು ಎರಡೂ ಸಂದರ್ಶನಗಳನ್ನು ಸೇರಿಸಿ ತುಂಬಿ.

ಪಟ್ಟಿ ಓದುವಾಗ ಕೋಣೆವಾರು ಓದದೆ ಒಟ್ಟಿಗೆ ಓದಿ, ಅಂಕದ ಹಾಳೆಗಳನ್ನು ಎಸೆಯದೆ ಇಟ್ಟುಕೊಳ್ಳಿ. ಮರುದಿನ ಯಾರಾದರೂ ವಿದ್ಯಾರ್ಥಿ ತನಗೇಕೆ ಸಿಗಲಿಲ್ಲ ಎಂದು ಕೇಳಿದರೆ, ಯಾವ ಪ್ರಶ್ನೆಯಲ್ಲಿ ಎಷ್ಟು ಅಂಕ ಹೋಯಿತು ಎಂದು ಹಾಳೆ ನೋಡಿ ಹೇಳಬಹುದು.
– ಸಂ.