ಏಳು ನಿಮಿಷ, ಒಂದು ನಿಲುವು: ಎಥಿಕ್ಸ್ ಪೇಪರ್ ಬರೆಯಲಾಗದೆ ಬಂದವರ ಪ್ರಕರಣ

ಇವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಇಲ್ಲಿ ಇವರನ್ನು ಮಂಜುನಾಥ್ ಎನ್ನೋಣ. ವಯಸ್ಸು 27. ಯುಪಿಎಸ್‌ಸಿ ಮೇನ್ಸ್ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯುವವರು. ಒಮ್ಮೆ ಬರೆದಾಗಿತ್ತು, ಎರಡನೇ ಸಲಕ್ಕೆ ತಯಾರಿ ನಡೆದಿತ್ತು.

"ಮೇಡಂ, ಜಿಎಸ್ 4, ಅದೇ ಎಥಿಕ್ಸ್ ಪೇಪರ್‌ನಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ. ಆದರೆ ಟೈಮ್ ಸಾಲೋದೇ ಇಲ್ಲ. ಕೊನೆಯ ಎರಡು ಕೇಸ್ ಸ್ಟಡಿ ಖಾಲಿ ಬಿಟ್ಟು ಬಂದೆ. ಆಮೇಲೆ ಒಂದು ವಾರ ನಿದ್ದೆ ಬರಲಿಲ್ಲ" ಅಂದರು. ಅವರ ಪ್ರಕಾರ ತೊಂದರೆ ಕೈಬರಹದ ವೇಗದ್ದು. ದಿನಕ್ಕೆ ಒಂದು ಗಂಟೆ ಕಾಪಿ ಬರೆದು ವೇಗ ಹೆಚ್ಚಿಸಿಕೊಳ್ಳುತ್ತಿದ್ದರು.

ಮುಂದಿನ ಸಲ ಬರುವಾಗ ಮನೆಯಲ್ಲಿ ಅಭ್ಯಾಸಕ್ಕೆ ಬರೆದ ಉತ್ತರ ತರಲು ಹೇಳಿದೆ. ಅವರು ತಂದ ಪ್ರಶ್ನೆ ಇದು: "ಜನರ ಹಿತಕ್ಕಾಗಿ ಅಧಿಕಾರಿ ಸುಳ್ಳು ಹೇಳಬಹುದೇ? ವಿಮರ್ಶಾತ್ಮಕವಾಗಿ ಚರ್ಚಿಸಿ." 10 ಅಂಕ, 150 ಪದ. ಉತ್ತರ ಬರೆಯಲು ಅವರಿಗೆ ಹನ್ನೊಂದು ನಿಮಿಷ ಹಿಡಿದಿತ್ತು.

ಹಾಳೆ ನೋಡಿದರೆ ಕಾರಣ ಕಣ್ಣಿಗೆ ಬೀಳುತ್ತಿತ್ತು. ಮೊದಲ ಏಳು ಸಾಲು ಸತ್ಯ ಎಂದರೇನು ಎಂಬ ವಿವರಣೆ. ಆಮೇಲೆ ಕಾಂಟ್, ಗಾಂಧಿ, ಉಪಯುಕ್ತತಾವಾದ, ಒಬ್ಬೊಬ್ಬರಿಗೆ ಎರಡೆರಡು ಸಾಲು. ನಂತರ "ಪರ", "ವಿರೋಧ" ಎಂದು ಗೆರೆ ಎಳೆದ ಎರಡು ಪಟ್ಟಿ. ಕೊನೆಗೆ, "ಆದ್ದರಿಂದ ಸಂದರ್ಭಕ್ಕೆ ತಕ್ಕಂತೆ ಸಮತೋಲನ ಕಾಯ್ದುಕೊಳ್ಳಬೇಕು." ಮಧ್ಯದಲ್ಲಿ ಮೂರು ಕಡೆ ವಾಕ್ಯ ಹೊಡೆದು ಹಾಕಿ ಮತ್ತೆ ಬರೆದಿದ್ದರು. ಮೂರೂ ಕಡೆ ಅವರು ಯಾವುದೋ ಒಂದು ಪಕ್ಷಕ್ಕೆ ವಾಲುತ್ತಿದ್ದರು, ಅಲ್ಲೇ ಹಿಂದೆ ಸರಿದಿದ್ದರು.

"ಇಲ್ಲಿ ನಿಮ್ಮ ಉತ್ತರ ಏನು? ಹೇಳಬಹುದೋ, ಹೇಳಬಾರದೋ?" ಅಂತ ಕೇಳಿದೆ. ಅವರು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ಒಂದು ಕಡೆ ನಿಂತರೆ, ತಿದ್ದುವವರು ಇನ್ನೊಂದು ಕಡೆಯವರಾಗಿದ್ದರೆ?" ಅಂದರು. ನಿಜವಾದ ಭಯ ಇದು. ಕೈ ನಿಧಾನವಾಗಿರಲಿಲ್ಲ. ಏನು ಹೇಳಬೇಕೆಂದು ತೀರ್ಮಾನಿಸದೆ ಬರೆಯುತ್ತಿದ್ದರು, ಬರೆಯುತ್ತಾ ತೀರ್ಮಾನ ಹುಡುಕುತ್ತಿದ್ದರು. ನಿಮಿಷಗಳು ಹೋಗುತ್ತಿದ್ದದ್ದು ಅಲ್ಲಿ.

ಮೊದಲು ಲೆಕ್ಕ ಹಾಕಿದೆವು. 180 ನಿಮಿಷಕ್ಕೆ 250 ಅಂಕ, ಅಂದರೆ 10 ಅಂಕಕ್ಕೆ ಏಳು ನಿಮಿಷ ಚಿಲ್ಲರೆ. ಅದರಲ್ಲಿ ಮೊದಲ ಒಂದೂವರೆ ನಿಮಿಷ ಉತ್ತರ ಬರೆಯಬೇಡಿ ಅಂದೆ. ಅವರಿಗೆ ಗಾಬರಿಯಾಯಿತು. ಆ ಹೊತ್ತಿನಲ್ಲಿ ಕಚ್ಚಾ ಕೆಲಸದ ಜಾಗದಲ್ಲಿ ಮೂರು ತುಂಡು ಸಾಲು ಮಾತ್ರ ಬರಬೇಕು: ನನ್ನ ನಿಲುವು, ಅದಕ್ಕೆ ಆಕ್ಷೇಪ, ಆಕ್ಷೇಪಕ್ಕೆ ನನ್ನ ಉತ್ತರ. ನಮ್ಮ ಶಾಸ್ತ್ರಚರ್ಚೆಯಲ್ಲಿ ಎದುರಾಳಿಯ ಮಾತನ್ನು ಪೂರ್ವಪಕ್ಷ ಅಂತ ಮೊದಲು ಪೂರ್ತಿ ಹೇಳಿ, ಆಮೇಲೆ ತಮ್ಮ ಸಿದ್ಧಾಂತ ಹೇಳುತ್ತಿದ್ದರಲ್ವಾ? "ವಿಮರ್ಶಾತ್ಮಕವಾಗಿ" ಎಂಬ ಪದ ಕೇಳುವುದು ಅಂಥದ್ದೇ ಕೆಲಸವನ್ನು. ಎರಡು ಪಟ್ಟಿ ಕೊಟ್ಟು ತೀರ್ಪನ್ನು ತಿದ್ದುವವರಿಗೆ ಬಿಡುವುದನ್ನಲ್ಲ.

ನಿಲುವಿನಲ್ಲಿ ಒಂದು "ಏಕೆಂದರೆ" ಇರಲೇಬೇಕು ಎಂದು ಹಟ ಹಿಡಿದೆ. ಸುಮಾರು ಹೊತ್ತು ಮಾತಾಡಿದ ಮೇಲೆ ಅವರದೇ ಬಾಯಿಂದ ಬಂತು: "ಅಧಿಕಾರಿ ಮಾಹಿತಿ ತಡೆಹಿಡಿಯಬಹುದು, ಆದರೆ ಎಂದೂ ಸುಳ್ಳು ಹೇಳಬಾರದು. ಏಕೆಂದರೆ ಜನ ಅವನ ಮಾತು ನಂಬಿ ತಮ್ಮ ನಿರ್ಧಾರ ಮಾಡುತ್ತಾರೆ. ಸುಳ್ಳು ಆ ನಿರ್ಧಾರವನ್ನು ಅವರ ಕೈಯಿಂದ ಕಿತ್ತುಕೊಳ್ಳುತ್ತದೆ."

ಇನ್ನು ಆಕ್ಷೇಪ. ಅವರು ಮೊದಲು ಬರೆದದ್ದು, "ಕೆಲವೊಮ್ಮೆ ಸುಳ್ಳು ಲಾಭ ತರುತ್ತದೆ." ಇದು ಸುಮ್ನೆ ಪಕ್ಕದಲ್ಲಿ ನಿಲ್ಲುವ ಮಾತು, ಅವರ "ಏಕೆಂದರೆ"ಗೆ ತಾಗುವುದೇ ಇಲ್ಲ. ಅದನ್ನೇ ಅಲ್ಲಾಡಿಸುವಂಥದ್ದು ಬೇಕು, ಒಂದೇ ಸಾಕು ಅಂದೆ. ಎರಡನೇ ಪ್ರಯತ್ನದಲ್ಲಿ ಬಂದದ್ದು ಇದು. ಅಣೆಕಟ್ಟಿನ ನೀರು ಏರುತ್ತಿದೆ, ಊರಿಗೆ ಇರುವುದು ಒಂದೇ ಸೇತುವೆ. ನಿಜ ಹೇಳಿದರೆ ಎಲ್ಲರೂ ಒಟ್ಟಿಗೆ ನುಗ್ಗಿ ಕಾಲ್ತುಳಿತವಾಗುತ್ತದೆ. ಬಸ್ಸು ಬರುವವರೆಗೆ "ಅಪಾಯವಿಲ್ಲ" ಅಂದರೆ ಎಲ್ಲರೂ ಬದುಕುತ್ತಾರೆ. ಸತ್ತವರು ಯಾವ ನಿರ್ಧಾರವನ್ನೂ ಮಾಡಲಾರರು. ಹಾಗಾದರೆ ನಿರ್ಧಾರದ ಹಕ್ಕಿನ ಹೆಸರಿನಲ್ಲಿ ಸುಳ್ಳನ್ನು ತಡೆಯುವುದು ಹೇಗೆ? ಇದು ನೇರವಾಗಿ ಬುಡಕ್ಕೇ ಬಿತ್ತು.

ಈಗ ಉತ್ತರ. ಇಲ್ಲಿಯೇ ಜಾಸ್ತಿ ಜನ ಎಡವುತ್ತಾರೆ, ನಿಲುವನ್ನೇ ಇನ್ನೊಮ್ಮೆ ದೊಡ್ಡ ದನಿಯಲ್ಲಿ ಹೇಳುತ್ತಾರೆ. ಪತ್ತೆಹಚ್ಚಲು ಒಂದು ದಾರಿಯಿದೆ. ಆಕ್ಷೇಪದ ಸಾಲುಗಳ ಮೇಲೆ ಕೈ ಮುಚ್ಚಿ ಉತ್ತರ ಓದಿ. ಆಗಲೂ ಅದು ಪೂರ್ತಿ ಅರ್ಥವಾದರೆ ಅದು ಆಕ್ಷೇಪಕ್ಕೆ ಉತ್ತರವಲ್ಲ. ಮಂಜುನಾಥ್ ಮೊದಲು, "ಅಧಿಕಾರಿ ಇನ್ನೂ ಹೆಚ್ಚು ಬಸ್ಸು ತರಿಸಬಹುದಿತ್ತು" ಎಂದು ಬರೆದರು. ಅದು ತಪ್ಪಿಸಿಕೊಳ್ಳುವುದು. ಆಕ್ಷೇಪ ಎತ್ತುವವರು ಬಸ್ಸು ಇಲ್ಲ ಅಂದ ಕೂಡಲೇ ಮಾತು ಮುಗಿಯಿತು. ಒಂದು ವ್ಯತ್ಯಾಸ ತೋರಿಸಿ, ಇಲ್ಲವೇ ಒಪ್ಪಿಕೊಂಡು ನಿಲುವನ್ನು ಕಿರಿದು ಮಾಡಿ ಅಂದೆ. ಕಡೆಗೆ ಅವರು ಹೀಗೆ ಬರೆದರು:

"ಆ ಸುಳ್ಳು ಕೆಲಸ ಮಾಡುವುದೇ ಜನ ಅಧಿಕಾರಿಯ ಮಾತನ್ನು ನಂಬುವುದರಿಂದ. ಸಂಗತಿ ಹೊರಬಿದ್ದರೆ ಮುಂದಿನ ಪ್ರವಾಹದಲ್ಲಿ ನಿಜವಾದ ಸೈರನ್ ಕೇಳಿದರೂ ಜನ ಏಳುವುದಿಲ್ಲ. 'ಕೆಳಗಿನ ಬೀದಿಯವರು ಮೊದಲು ಹೊರಡಿ, ಉಳಿದವರಿಗೆ ಸರದಿ ಹೇಳುತ್ತೇವೆ' ಎಂಬ ಪ್ರಕಟಣೆ ಎಲ್ಲವನ್ನೂ ಹೇಳುವುದಿಲ್ಲ, ಆದರೂ ಸುಳ್ಳಲ್ಲ. ಅದಕ್ಕೂ ಅವಕಾಶವೇ ಇಲ್ಲದ ಗಳಿಗೆಯಲ್ಲಿ ಹೇಳಿದ ಸುಳ್ಳನ್ನು ಕ್ಷಮಿಸಬಹುದು. ಆದರೆ ಅಪಾಯ ಕಳೆದ ಕೂಡಲೇ ಅಧಿಕಾರಿ ಅದನ್ನು ಒಪ್ಪಿಕೊಂಡು ಲೆಕ್ಕ ಕೊಡಬೇಕು."

ಕಾಂಟ್‌ಗೆ ಜಾಗ ಎಲ್ಲಿ ಅಂತ ಕೇಳಿದರು. 1797ರ ಪ್ರಬಂಧವೊಂದರಲ್ಲಿ ಕಾಂಟ್, ಗೆಳೆಯನನ್ನು ಬೆನ್ನಟ್ಟಿ ಬಂದ ಕೊಲೆಗಾರ ಮನೆ ಬಾಗಿಲಲ್ಲಿ ನಿಂತು ಅವನು ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಕೂಡದು ಎಂದು ವಾದಿಸಿದ್ದ. ಮಂಜುನಾಥ್ ಅವರ ಉತ್ತರ ಅಷ್ಟು ದೂರ ಹೋಗುವುದಿಲ್ಲ. ಹಾಗಾಗಿ "ಕಾಂಟ್‌ನಷ್ಟು ಕಟ್ಟುನಿಟ್ಟಾಗಿ ಅಲ್ಲದಿದ್ದರೂ" ಎಂಬ ಒಂದೇ ತುಣುಕು ಸಾಕು, ಅದು ತಮ್ಮ ನಿಲುವು ಎಲ್ಲಿ ನಿಲ್ಲುತ್ತದೆ ಎಂದು ತೋರಿಸುತ್ತದೆ. ಗಾಂಧಿಯವರ ಸಾಲನ್ನು ತೆಗೆಸಿದೆ. ಅದು ಇಲ್ಲಿ ಏನೂ ಕೆಲಸ ಮಾಡುತ್ತಿರಲಿಲ್ಲ.

ಪದಗಳ ಬಗ್ಗೆ ಒಂದು ಮಾತು. "ಹೇಳಬಾರದೆಂದು" ಎಂಬುದು ಕನ್ನಡದಲ್ಲಿ ಒಂದೇ ಪದ. ಇಂಗ್ಲಿಷಿನ 150 ಪದದ ಹುರುಳು ಕನ್ನಡದಲ್ಲಿ ಬಹಳಷ್ಟು ಕಡಿಮೆ ಪದಕ್ಕೆ ಮುಗಿಯುತ್ತದೆ. 150 ತುಂಬಿಸಲೆಂದೇ ಪೀಠಿಕೆ ಬೆಳೆಸುತ್ತಿದ್ದ ಅಭ್ಯಾಸ ಇದರಿಂದ ಬಿಟ್ಟುಹೋಯಿತು. ಸಮಯ ಕಡಿಮೆ ಬಿದ್ದರೆ ಪೀಠಿಕೆ ಬಿಡಿ, ಆಕ್ಷೇಪಕ್ಕೆ ಕೊಡುವ ಉತ್ತರ ಬಿಡಬೇಡಿ ಎಂದೂ ಹೇಳಿದೆ. ಆಕ್ಷೇಪದಲ್ಲೇ ನಿಂತುಹೋದ ಉತ್ತರ ತನ್ನ ವಿರುದ್ಧವೇ ವಾದಿಸಿದಂತಾಗುತ್ತದೆ.

ಈ ಅಚ್ಚು ಎಲ್ಲ ಪ್ರಶ್ನೆಗೂ ಹೊಂದುವುದಿಲ್ಲ. "ಅರ್ಥ ವಿವರಿಸಿ, ಉದಾಹರಣೆ ಕೊಡಿ" ಅಂದಲ್ಲಿ ಆಕ್ಷೇಪ ತುರುಕಿದರೆ ಕೇಳಿದ್ದು ಬಿಟ್ಟುಹೋಗುತ್ತದೆ. ಅವರು ಒಂದೆರಡು ಕಡೆ ಹಾಗೆ ಮಾಡಿದ್ದೂ ಉಂಟು.

ಮೂರನೇ ವಾರ ಗಡಿಯಾರ ಇಟ್ಟುಕೊಂಡು ನನ್ನೆದುರೇ ಬರೆದರು. ಪ್ರಶ್ನೆ ಹೊಸದು: ಮೇಲಧಿಕಾರಿಯ ತಪ್ಪನ್ನು ಪತ್ರಿಕೆಗೆ ತಿಳಿಸುವುದು ಸರಿಯೇ. ಮೂರು ತುಂಡು ಸಾಲಿನಲ್ಲಿ ಮೊದಲನೆಯದು, "ಯಾವತ್ತೂ ಸರಿ." ಎರಡನೆಯದಾಗಿ ಆಕ್ಷೇಪ ಬರೆದರು: ತನಿಖೆ ಮುಗಿಯುವ ಮೊದಲೇ ಹೆಸರು ಹೊರಗೆ ಬಂದ ನಿರಪರಾಧಿಯ ಗತಿ ಏನು? ಮೂರನೆಯದಕ್ಕೆ ಪೆನ್ನು ಎತ್ತಿ ಹಿಡಿದು ಹಾಗೇ ಕೂತರು. ಆಮೇಲೆ ಮೇಲಕ್ಕೆ ಹೋಗಿ "ಯಾವತ್ತೂ" ಹೊಡೆದು ಹಾಕಿ, "ಒಳಗಿನ ದೂರಿಗೆ ಬೆಲೆ ಸಿಗದಿದ್ದಾಗ" ಎಂದು ಬರೆದರು. ಆಗ ಒಂದು ನಿಮಿಷ ನಲವತ್ತು ಸೆಕೆಂಡ್ ಆಗಿತ್ತು. ಉಳಿದದ್ದನ್ನು ಎಲ್ಲೂ ನಿಲ್ಲದೆ ಬರೆದು ಮುಗಿಸಿದರು.