ರಿವಿಷನ್ ತಾರೀಖನ್ನು ಪರೀಕ್ಷೆ ದಿನದಿಂದ ಹಿಂದಕ್ಕೆ ಎಣಿಸಿ

ಪ್ರಶ್ನೆ: ನಾನು ಮಂಡ್ಯದವಳು. ಕೆಲಸ ಮೈಸೂರಿನಲ್ಲಿ, ದಿನಾ ಟ್ರೈನಿನಲ್ಲಿ ಓಡಾಟ. ನವೆಂಬರ್ 30ಕ್ಕೆ ಒಂದು ಸ್ಪರ್ಧಾತ್ಮಕ ಪರೀಕ್ಷೆ ಬರೀತಿದ್ದೇನೆ. ಸಿಲಬಸ್ಸನ್ನು 72 ಪಾಠಗಳಾಗಿ ಹಂಚಿಕೊಂಡಿದ್ದೇನೆ. ಓದೋಕೆ ದಿನಕ್ಕೆ ಎರಡೂವರೆ ಗಂಟೆ ಸಿಗುತ್ತೆ. ಓದಿದ 1, 3, 7, 15, 30ನೇ ದಿನಕ್ಕೆ ರಿವಿಷನ್ ಮಾಡು ಅಂತ ಸ್ನೇಹಿತರು ಹೇಳಿದ್ರು. ದಿನಕ್ಕೆ ಎರಡು ಪಾಠದಂತೆ ಶುರು ಮಾಡಿದೆ. ಎರಡು ವಾರಕ್ಕೆ 24 ಪಾಠ ಆಯ್ತು, ಆದರೆ ರಿವಿಷನ್ ರಾಶಿ ಬಾಕಿ ಬಿದ್ದಿದೆ. ಇವತ್ತು ಆಗಸ್ಟ್ 31. ಈ ತಾರೀಖಿನ ಲೆಕ್ಕವನ್ನೇ ಬಿಟ್ಟುಬಿಡಲಾ?
— ಓದುಗರು, ಮಂಡ್ಯ

ಉತ್ತರ: ಬಿಡಬೇಡಿ. ಆದರೆ ಆ ಐದು ಅಂಕಿಗಳನ್ನು ಬದಲಾಯಿಸಿಕೊಳ್ಳಿ.

ಬಾಕಿ ಯಾಕೆ ಬಿತ್ತು ಅಂತ ಮೊದಲು ನೋಡೋಣ. ಒಂದು ಹೊಸ ಪಾಠಕ್ಕೆ ಒಂದು ಗಂಟೆ, ಒಂದು ರಿವಿಷನ್‌ಗೆ ಕಾಲು ಗಂಟೆ ಅಂತ ಇಟ್ಟುಕೊಳ್ಳಿ. ಮೊದಲ ದಿನ ಎರಡು ಪಾಠಕ್ಕೆ 120 ನಿಮಿಷ. ಎರಡನೇ ದಿನ ಹಿಂದಿನ ದಿನದ ಎರಡು ಪಾಠ ಸೇರಿ 150 ನಿಮಿಷ. ನಿಮ್ಮ ಎರಡೂವರೆ ಗಂಟೆ ಅಲ್ಲಿಗೇ ತುಂಬಿತು. ನಾಲ್ಕನೇ ದಿನ 180, ಎಂಟನೇ ದಿನ 210, ಹದಿನಾರನೇ ದಿನ 240. ಅಂದರೆ ದಿನದ ರಿವಿಷನ್ ಎಷ್ಟು ಅನ್ನೋದು ದಿನಕ್ಕೆ ಓದುವ ಹೊಸ ಪಾಠ ಎಷ್ಟು, ಒಂದೊಂದನ್ನು ಎಷ್ಟು ಸಲ ನೋಡ್ತೀರಿ, ಈ ಎರಡರ ಗುಣಾಕಾರ. ದಿನಕ್ಕೆ ಎರಡು ಪಾಠ, ಐದು ಸಲ ರಿವಿಷನ್ ಅಂದರೆ ಕೊನೆಗೆ ದಿನಕ್ಕೆ ಹತ್ತು ರಿವಿಷನ್. ಸೋಮಾರಿತನದ ಮಾತೇ ಇಲ್ಲ ಇಲ್ಲಿ, ಯಾರು ಕೂತರೂ ಇಷ್ಟು ಮುಗಿಯೋದಿಲ್ಲ.

1-3-7-15-30ರಲ್ಲಿ ಇನ್ನೊಂದು ತೊಂದರೆ ಇದೆ, ಅದೇ ದೊಡ್ಡದು. ಆ ಲೆಕ್ಕಕ್ಕೆ ನಿಮ್ಮ ಪರೀಕ್ಷೆ ಯಾವತ್ತು ಅಂತ ಗೊತ್ತಿಲ್ಲ. ಸೆಪ್ಟೆಂಬರ್ 1ಕ್ಕೆ ಓದಿದ ಪಾಠದ ಐದೂ ರಿವಿಷನ್ ಅಕ್ಟೋಬರ್ 1ಕ್ಕೇ ಮುಗಿದುಹೋಗುತ್ತೆ. ಅಲ್ಲಿಂದ ಪರೀಕ್ಷೆವರೆಗೆ 60 ದಿನ ಆ ಪಾಠದ ಕಡೆ ತಿರುಗಿಯೂ ನೋಡೋದಿಲ್ಲ. ಮೊದಲ ವಾರದಲ್ಲೇ ಮೂರು ಸಲ ನೋಡಿದ್ದಕ್ಕೆ ಅಂಥ ಲಾಭವೂ ಇಲ್ಲ.

ಎಷ್ಟು ದಿನ ಬಿಟ್ಟು ನೋಡಬೇಕು ಅನ್ನೋದು ನೆನಪು ಯಾವತ್ತಿಗೆ ಬೇಕು ಅನ್ನೋದರ ಮೇಲೆ ನಿಂತಿದೆ. ಮನಶ್ಶಾಸ್ತ್ರಜ್ಞ ಸೆಪೇಡ ಮತ್ತು ಅವರ ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,350ಕ್ಕೂ ಹೆಚ್ಚು ಜನ ಸಣ್ಣ ಸಣ್ಣ ಸಂಗತಿಗಳನ್ನು ಕಲಿತರು, ಸ್ವಲ್ಪ ದಿನ ಬಿಟ್ಟು ಒಂದು ಸಲ ರಿವಿಷನ್ ಮಾಡಿದರು, ಆಮೇಲೆ ಪರೀಕ್ಷೆ ಬರೆದರು. ಪರೀಕ್ಷೆ ಒಂದು ವಾರ ದೂರ ಇದ್ದಾಗ ಆ ವಾರದ ಶೇ 20ರಿಂದ 40ರಷ್ಟು ಅಂತರ ಚೆನ್ನಾಗಿ ಕೆಲಸ ಮಾಡಿತು. ಒಂದು ವರ್ಷ ದೂರ ಇದ್ದಾಗ ಶೇ 5ರಿಂದ 10. ಪರೀಕ್ಷೆ ದೂರ ಇದ್ದಷ್ಟೂ ಅಂತರ ದೊಡ್ಡದಾಗಬೇಕು, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಅಂತರ ಜಾಸ್ತಿ ಆದರೆ ಆಗುವ ನಷ್ಟ ಕಡಿಮೆ, ತೀರಾ ಚಿಕ್ಕದಾದರೆ ಆಗುವ ನಷ್ಟ ದೊಡ್ಡದು ಅನ್ನೋದೂ ಅಲ್ಲಿ ಕಂಡಿತು. ಅವರು ಮಾಡಿಸಿದ್ದು ಒಂದೇ ರಿವಿಷನ್, ನಿಮ್ಮದು ಮೂರು ನಾಲ್ಕು. ಹಾಗಾಗಿ ಆ ಅಂಕಿಯನ್ನು ಹಾಗೇ ಎತ್ತಿಕೊಳ್ಳೋಕೆ ಆಗಲ್ಲ, ದಿಕ್ಕು ಮಾತ್ರ ತಗೊಳ್ಳಬಹುದು.

ಈಗ ನಿಮ್ಮ ಕ್ಯಾಲೆಂಡರ್. ಹಿಂದಿನಿಂದ ಶುರು ಮಾಡೋಣ.

ಕೊನೆಯ ರಿವಿಷನ್ ನವೆಂಬರ್ 17ರಿಂದ 28. ಹನ್ನೆರಡು ದಿನ, ದಿನಕ್ಕೆ ಆರು ಪಾಠ, ಅಲ್ಲಿಗೆ 72. ಒಂದಕ್ಕೆ ಕಾಲು ಗಂಟೆ ಅಂದರೂ ದಿನಕ್ಕೆ ಒಂದೂವರೆ ಗಂಟೆ. ಉಳಿದ ಒಂದು ಗಂಟೆ ಹಳೇ ಪ್ರಶ್ನೆಪತ್ರಿಕೆಗೆ. ಪದೇ ಪದೇ ಕೈಕೊಡುವ ಪಾಠಗಳನ್ನು 25ರ ನಂತರಕ್ಕೆ ಇಡಿ, ಚೆನ್ನಾಗಿ ಬರುವುದನ್ನು ಮೊದಲೇ ಮುಗಿಸಿ. ಈ ಹನ್ನೆರಡು ದಿನವನ್ನು ಇವತ್ತೇ ಗುರುತು ಹಾಕಿಡಿ. ಅಲ್ಲಿ ಹೊಸ ಪಾಠ ನುಗ್ಗಬಾರದು.

ಹೊಸ ಪಾಠ ಉಳಿದಿರೋದು 48. ದಿನಕ್ಕೆ ಒಂದೇ ಓದಿ, ಭಾನುವಾರ ಬೇಡ. ಎಂಟು ವಾರಕ್ಕೆ, ಅಂದರೆ ಅಕ್ಟೋಬರ್ 26ಕ್ಕೆ ಮುಗಿಯುತ್ತೆ. ಒಂದೇ ಪಾಠ ಅಂದರೆ ಹಿಂದೆ ಬಿದ್ದೆ ಅನ್ನಿಸುತ್ತೆ, ಗೊತ್ತು. ಆದರೆ ಕೈಯಲ್ಲಿ ಇರೋ ಸಮಯ ಇಷ್ಟಕ್ಕೇ ಸರಿಹೋಗುತ್ತೆ.

ನಡುವೆ ಪ್ರತಿ ಪಾಠಕ್ಕೂ ಮೂರು ರಿವಿಷನ್: ಓದಿ ಎರಡು ದಿನಕ್ಕೆ, ಅಲ್ಲಿಂದ ಒಂಬತ್ತು ದಿನಕ್ಕೆ, ಅಲ್ಲಿಂದ 25 ದಿನಕ್ಕೆ. ಸೆಪ್ಟೆಂಬರ್ 1ರ ಪಾಠ 3ಕ್ಕೆ, 12ಕ್ಕೆ, ಆಮೇಲೆ ಅಕ್ಟೋಬರ್ 7ಕ್ಕೆ ಬರುತ್ತೆ. ಅಕ್ಟೋಬರ್ 11ರ ನಂತರ ಓದುವ ಪಾಠಗಳಿಗೆ ಮೂರನೆಯದು ಬೇಡ, ಅದು ನವೆಂಬರ್ 17ರ ಸುತ್ತಿನಲ್ಲೇ ಬಂದು ಸೇರುತ್ತೆ. ಕೊನೆಯ ಪಾಠ, ಅಕ್ಟೋಬರ್ 26ರದ್ದು, 28ಕ್ಕೆ ಒಂದು ಸಲ, ನವೆಂಬರ್ 6ಕ್ಕೆ ಇನ್ನೊಂದು ಸಲ, ಆಮೇಲೆ ಕೊನೆಯ ಸುತ್ತು. ಮೂರನೇ ರಿವಿಷನ್‌ಗೆ ಹತ್ತು ನಿಮಿಷ ಸಾಕು. ಒಟ್ಟು ದಿನಕ್ಕೆ 60, 15, 15, 10, ಅಂದರೆ ನೂರು ನಿಮಿಷ. ಐವತ್ತು ನಿಮಿಷ ಮಿಗುತ್ತೆ. ಅದನ್ನು ಖಾಲಿ ಬಿಟ್ಟಿರೋದು ಬೇಕಂತಲೇ.

ಬಾಕಿ ಇರೋ 24 ಪಾಠದ ತಪ್ಪಿದ ತಾರೀಖುಗಳನ್ನು ಒಂದೊಂದಾಗಿ ತೀರಿಸೋಕೆ ಹೋಗಬೇಡಿ. ಒಂದು ಪಾಠಕ್ಕೆ ಮೂರು ರಿವಿಷನ್ ಬಾಕಿ ಇದ್ದರೂ ಒಂದೇ ಸಲ ನೋಡಿ ಮುಂದಕ್ಕೆ ನಡೀರಿ. ಸೆಪ್ಟೆಂಬರ್ 1ರಿಂದ 6ರವರೆಗೆ ದಿನಕ್ಕೆ ನಾಲ್ಕು, ಒಂದು ಗಂಟೆ. ಆ ವಾರ ಹೊಸ ಪಾಠಗಳ ಎರಡನೇ ರಿವಿಷನ್ ಇನ್ನೂ ಬಂದಿರಲ್ಲ, ಹಾಗಾಗಿ ಜಾಗ ಇದೆ. ಮುಂದಿನ ಸಲ ಅವು ಬರೋದು 25 ದಿನ ಬಿಟ್ಟು, ಸೆಪ್ಟೆಂಬರ್ 26ರಿಂದ ಅಕ್ಟೋಬರ್ 1. ಹೊಸ ಪಾಠಗಳ ಮೂರನೇ ರಿವಿಷನ್ ಶುರುವಾಗೋದು ಅಕ್ಟೋಬರ್ 7ಕ್ಕೆ. ಎರಡೂ ಒಂದರ ಮೇಲೊಂದು ಬೀಳೋದಿಲ್ಲ.

ರಿವಿಷನ್ ಅಂದರೆ ನೀವು ಏನು ಮಾಡ್ತಿದ್ದೀರಿ ಅಂತ ಬರೆದಿಲ್ಲ. ನೋಟ್ಸ್ ತೆರೆದು ಇನ್ನೊಂದು ಸಲ ಓದೋದು ಅಂತಾದರೆ ಈ ತಾರೀಖುಗಳಿಂದ ಪ್ರಯೋಜನ ಕಡಿಮೆ. ಓದುವಾಗ ಎಲ್ಲ ಗೊತ್ತಿದ್ದ ಹಾಗೇ ಇರುತ್ತೆ, ಅಲ್ವಾ? ರೋಡಿಗರ್ ಮತ್ತು ಕಾರ್ಪಿಕ್ ಅನ್ನೋ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಪರೀಕ್ಷಿಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಮುಂದೆ ಹೋದರು.

ಆದ್ದರಿಂದ ಪಾಠ ಓದಿದ ದಿನವೇ ಹತ್ತು ಪ್ರಶ್ನೆ ಬರೆದಿಟ್ಟುಕೊಳ್ಳಿ, ಉತ್ತರ ಹಾಳೆಯ ಹಿಂಬದಿಯಲ್ಲಿ. ಮೈಸೂರು ಸಂಸ್ಥಾನದ ಪಾಠ ಅಂತ ಇಟ್ಟುಕೊಳ್ಳಿ. ‘1881 ಮುಖ್ಯ ವರ್ಷ’ ಅಂತ ಬರೆದರೆ ಅದು ಪ್ರಶ್ನೆ ಆಗಲ್ಲ. ‘ಬ್ರಿಟಿಷರು 1831ರಲ್ಲಿ ಕಿತ್ತುಕೊಂಡ ಆಡಳಿತ ಒಡೆಯರಿಗೆ ವಾಪಸ್ ಬಂದದ್ದು ಯಾವಾಗ, ಆಗ ಅರಸರು ಯಾರು?’ ಅಂತ ಬರೆಯಿರಿ. ಉತ್ತರ: 1881, ಹತ್ತನೇ ಚಾಮರಾಜ ಒಡೆಯರು. ಒಂದಕ್ಕೊಂದು ಗೊಂದಲ ಆಗೋದನ್ನು ಒಂದೇ ಪ್ರಶ್ನೆಯಲ್ಲಿ ಎದುರುಬದುರು ಇಡಿ. ಶಿವಪುರದ ಧ್ವಜ ಸತ್ಯಾಗ್ರಹವೂ ವಿದುರಾಶ್ವತ್ಥದ ಗೋಲಿಬಾರೂ 1938ರ ಏಪ್ರಿಲ್‌ನಲ್ಲೇ ನಡೆದವು. ಶಿವಪುರ ನಿಮ್ಮ ಮದ್ದೂರಿನದ್ದು, ನೀವು ಮರೆಯಲ್ಲ. ವಿದುರಾಶ್ವತ್ಥ ಗೌರಿಬಿದನೂರಿನದ್ದು. ಬೇರೆ ಬೇರೆ ದಿನ ಬೇರೆ ಬೇರೆ ಕಲಿತರೆ ಪರೀಕ್ಷೆ ಹಾಲ್‌ನಲ್ಲಿ ಒಂದರ ಊರು ಇನ್ನೊಂದಕ್ಕೆ ಅಂಟಿಕೊಳ್ಳುತ್ತೆ.

ಎರಡನೇ ದಿನದ ರಿವಿಷನ್‌ಗೆ ಟ್ರೈನೇ ಸರಿ. ಪಾಂಡವಪುರ, ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಹತ್ತು ಪ್ರಶ್ನೆ ಮುಗಿಯುತ್ತೆ. ಸೀಟು ಸಿಗದ ದಿನ ನೋಟ್‌ಬುಕ್ ತೆರೆಯೋಕೆ ಆಗಲ್ಲ, ಆ ಪ್ರಶ್ನೆಗಳು ಮಡಚಿದ ಒಂದು ಹಾಳೆಯಲ್ಲಿ ಇರಲಿ.

ಎಷ್ಟು ಸರಿ ಬಂತು ಅನ್ನೋದರ ಮೇಲೆ ಮುಂದಿನ ತಾರೀಖು ನಿರ್ಧಾರ ಮಾಡಿ. ಹತ್ತಕ್ಕೆ ಎಂಟು ಅಥವಾ ಹೆಚ್ಚು ಬಂದರೆ ತಾರೀಖು ಹಾಗೇ ಇರಲಿ. ಐದರಿಂದ ಏಳು ಬಂದರೆ ಮುಂದಿನ ಅಂತರ ಅರ್ಧ ಮಾಡಿ, 25 ಇದ್ದದ್ದು 12 ಆಗಲಿ. ಐದಕ್ಕಿಂತ ಕಡಿಮೆ ಆದರೆ ಪಾಠವನ್ನೇ ಇನ್ನೊಂದು ಸಲ ಓದಬೇಕು. ಮಿಗುವ ಐವತ್ತು ನಿಮಿಷ ಇದಕ್ಕೇ. ತಪ್ಪಾದ ಪ್ರಶ್ನೆಗಳನ್ನು ಮಾತ್ರ ಎರಡು ದಿನ ಬಿಟ್ಟು ಕೇಳಿಕೊಳ್ಳಿ, ಇಡೀ ಪಾಠ ಬೇಡ. ಪ್ರತಿ ಸಲವೂ ಹತ್ತಕ್ಕೆ ಹತ್ತು ತಟ್ ಅಂತ ಬರ್ತಿದ್ದರೆ ಖುಷಿಪಡಬೇಡಿ. ಆ ಪಾಠವನ್ನು ಬೇಗ ಬೇಗ ನೋಡ್ತಿದ್ದೀರಿ ಅಂತ ಅರ್ಥ.

ಹೀಗಾಗಿ ಡೈರಿಯಲ್ಲಿ ಮೂರೂ ತಾರೀಖನ್ನು ಒಟ್ಟಿಗೆ ಬರೆಯಬೇಡಿ. ಇವತ್ತಿನ ರಿವಿಷನ್ ಮುಗಿದ ಮೇಲೆ, ಮುಂದೆ ಯಾವತ್ತು ಬರಬೇಕೋ ಆ ಪುಟದಲ್ಲಿ ಪಾಠದ ನಂಬರ್ ಬರೆಯಿರಿ, ಅಷ್ಟೇ. ಎಲ್ಲ ಮೊದಲೇ ತುಂಬಿಸಿಟ್ಟ ಡೈರಿ ಒಂದು ವಾರಕ್ಕೇ ಕಾಟು ಹೊಡೆದು ಗಲೀಜಾಗುತ್ತೆ. ಮೊಬೈಲಿನಲ್ಲಿ Anki ಅನ್ನೋ ಪ್ರಶ್ನೋತ್ತರ ಕಾರ್ಡಿನ ಆ್ಯಪ್ ಬಳಸುವವರಿಗೂ ಪರೀಕ್ಷೆ ತಾರೀಖಿನ ಸಮಸ್ಯೆ ಇದ್ದದ್ದೇ. ಅದರಲ್ಲಿ `Maximum interval` ಅನ್ನೋ ಸೆಟ್ಟಿಂಗ್ ಸುಮ್ನೆ ಬಿಟ್ಟರೆ 36500 ದಿನ ಇರುತ್ತೆ. ನವೆಂಬರ್ ದಾಟಿ ಮುಂದಿನ ವರ್ಷಕ್ಕೆ ಕಾರ್ಡ್ ಹೋಗಿಬಿಡಬಹುದು. ಅದನ್ನು 30ರ ಆಸುಪಾಸಿಗೆ ಇಳಿಸಿಕೊಳ್ಳಬೇಕು.

ಗಣಿತ, ಮೆಂಟಲ್ ಎಬಿಲಿಟಿ ಈ ಲೆಕ್ಕಕ್ಕೆ ಬರಲ್ಲ, ಅವಕ್ಕೆ ಲೆಕ್ಕ ಮಾಡಿ ಮಾಡಿಯೇ ಕೈ ಪಳಗಬೇಕು. ಪ್ರಚಲಿತ ವಿದ್ಯಮಾನಕ್ಕೆ ಭಾನುವಾರ ಇಟ್ಟುಕೊಳ್ಳಿ.

ನಡುವೆ ದಸರಾ ಬರುತ್ತೆ. ಮನೆಗೆ ನೆಂಟರು ಬರ್ತಾರೆ, ಮೂರು ನಾಲ್ಕು ದಿನ ಓದು ತಪ್ಪುತ್ತೆ. ಆಗ ಇಡೀ ಕ್ಯಾಲೆಂಡರನ್ನು ನಾಲ್ಕು ದಿನ ಮುಂದಕ್ಕೆ ತಳ್ಳಬೇಡಿ, ಪರೀಕ್ಷೆ ಮುಂದಕ್ಕೆ ಹೋಗಲ್ಲವಲ್ಲ. ವಾಪಸ್ ಕೂತಾಗ ಚಿಕ್ಕ ಅಂತರದ ರಿವಿಷನ್‌ಗಳನ್ನು ಮೊದಲು ತೀರಿಸಿ. ಎರಡು ದಿನಕ್ಕೆ ಬರಬೇಕಾದ್ದು ಆರು ದಿನಕ್ಕೆ ಬಂದರೆ ಅರ್ಧ ಮರೆತಿರುತ್ತೆ. 25 ದಿನದ್ದು 29ಕ್ಕೆ ಬಂದರೆ ನಿಮಗೆ ವ್ಯತ್ಯಾಸವೇ ಗೊತ್ತಾಗಲ್ಲ. ಬಾಕಿ ತೀರುವ ತನಕ ಒಂದೆರಡು ದಿನ ಹೊಸ ಪಾಠ ನಿಲ್ಲಿಸಿ. ಅಷ್ಟಾದರೂ ಅಕ್ಟೋಬರ್ 26ಕ್ಕೆ ನಾಲ್ಕೈದು ಪಾಠ ಉಳಿದರೆ ಆ ತಿಂಗಳ ಕೊನೆಯವರೆಗೆ ಎಳೆಯಬಹುದು. ಅದಕ್ಕೂ ಆಗದಿದ್ದರೆ ಹಳೇ ಪ್ರಶ್ನೆಪತ್ರಿಕೆ ನೋಡಿ, ಕಡಿಮೆ ಪ್ರಶ್ನೆ ಬರುವ ಪಾಠ ಯಾವುದೋ ಅದನ್ನೇ ಕೈಬಿಡಿ. ನವೆಂಬರ್ 17ರ ಗೆರೆ ಮಾತ್ರ ದಾಟಬೇಡಿ.