mirt ಕೊಟ್ಟ d ಯನ್ನೇ ಪ್ರಶ್ನೆಯ ಕಠಿಣತೆ ಅಂತ ಬರೆಯಬಹುದಾ?

ಪ್ರಶ್ನೆ: 50 ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ, 420 ವಿದ್ಯಾರ್ಥಿಗಳು. mirt ನಲ್ಲಿ 2PL ಮಾದರಿ ಹಾಕಿದೆ. 17ನೇ ಪ್ರಶ್ನೆಗೆ a1 = 0.21, d = 1.90 ಬಂದಿದೆ. ಥೀಸಿಸ್‌ನಲ್ಲಿ d ಯನ್ನೇ ಕಠಿಣತೆ ಅಂತ ಬರೆದರೆ ಆಗುತ್ತಾ?

ಉತ್ತರ: ಆಗಲ್ಲ. d ಹೆಚ್ಚಾದಷ್ಟೂ ಪ್ರಶ್ನೆ ಸುಲಭ, ಅಂದರೆ ನೀವು ಹಾಗೆ ಬರೆದರೆ ಇಡೀ ಕೋಷ್ಟಕ ತಲೆಕೆಳಗಾಗುತ್ತದೆ. ಓದುವವರು ನಿರೀಕ್ಷಿಸುವ ಕಠಿಣತೆ b, ಅದು −d/a. ಕೈಯಲ್ಲಿ ಲೆಕ್ಕ ಹಾಕಬೇಕಿಲ್ಲ:

```
mod <- mirt(dat, 1, itemtype = "2PL", SE = TRUE)
coef(mod, IRTpars = TRUE, printSE = TRUE)
```

17ನೇ ಪ್ರಶ್ನೆಗೆ b = −1.90/0.21, ಹತ್ತಿರ ಹತ್ತಿರ −9.05. ಇದನ್ನು ನೋಡಿ "ಅತ್ಯಂತ ಸುಲಭದ ಪ್ರಶ್ನೆ" ಅಂತ ಬರೆದುಬಿಡಬೇಡಿ. ಸರಿ ಉತ್ತರ ಬರುವ ಸಾಧ್ಯತೆ ಯಾವ ಸಾಮರ್ಥ್ಯದಲ್ಲಿ ಶೇ. 50 ಆಗುತ್ತದೋ ಅದೇ b. ಇಲ್ಲಿ ಸಾಮರ್ಥ್ಯದ ಸರಾಸರಿ 0, ಪ್ರಮಾಣ ವಿಚಲನೆ 1. −9 ರಲ್ಲಿ ಕೂತ ವಿದ್ಯಾರ್ಥಿ ನಿಮ್ಮ ದತ್ತಾಂಶದಲ್ಲಿ ಒಬ್ಬನೂ ಇರಲ್ಲ.

ನಿಜವಾಗಿ ಆಗಿರುವುದು ಏನು ಅಂತ ಸಾಧ್ಯತೆಗಳನ್ನೇ ಲೆಕ್ಕ ಹಾಕಿದರೆ ಕಾಣುತ್ತದೆ. ಸಾಮರ್ಥ್ಯ −2 ಇರುವವನಿಗೆ ಸರಿ ಉತ್ತರದ ಸಾಧ್ಯತೆ ಶೇ. 81, +2 ಇರುವವನಿಗೆ ಶೇ. 91. ತೀರಾ ಹಿಂದುಳಿದವನಿಗೂ ಮುಂದಿನ ಬೆಂಚಿನ ಜಾಣನಿಗೂ ಬರೀ ಹತ್ತು ಅಂಕಿಯ ಅಂತರ. ಅದೇ d = 1.90 ಇದ್ದು a ಮಾತ್ರ 1.4 ಆಗಿದ್ದರೆ b −1.36 ಆಗುತ್ತಿತ್ತು, ಸಾಧ್ಯತೆ ಶೇ. 29 ರಿಂದ ಶೇ. 99 ಕ್ಕೆ ಏರುತ್ತಿತ್ತು. ಎರಡೂ ಪ್ರಶ್ನೆಗಳನ್ನು ಸರಾಸರಿ ವಿದ್ಯಾರ್ಥಿ ಶೇ. 87 ರಷ್ಟು ಸರಿ ಮಾಡುತ್ತಾನೆ. ಆದರೆ ಒಂದು ಜನರನ್ನು ಬೇರ್ಪಡಿಸುತ್ತದೆ, ನಿಮ್ಮದು ಬೇರ್ಪಡಿಸುವುದಿಲ್ಲ. ಹಾಗಾಗಿ ಈ ಪ್ರಶ್ನೆಯ ಬಗ್ಗೆ ಹೇಳಬೇಕಾದ ಮಾತು ಅದರ ಭೇದಕ ಶಕ್ತಿ ಕಮ್ಮಿ ಅನ್ನುವುದು, −9.05 ಬಂದದ್ದು ಚಿಕ್ಕ a ಯಿಂದ ಭಾಗಿಸಿದ್ದರ ಫಲ. b ಯ ಪ್ರಮಾಣ ದೋಷ ನೋಡಿ, ಅದೂ ದೊಡ್ಡದಾಗಿಯೇ ಇರುತ್ತದೆ.

ಕೋಷ್ಟಕದಲ್ಲಿ a, b, ಎರಡರ ಪ್ರಮಾಣ ದೋಷ, ಜೊತೆಗೆ ಎಷ್ಟು ಪಾಲು ಜನ ಸರಿ ಉತ್ತರಿಸಿದರು ಅನ್ನುವುದನ್ನೂ ಕೊಡಿ. ಈ ಕೊನೆಯ ಅಂಕಣ ಹಳೆಯ ಪದ್ಧತಿ ಅಂತ ಗೈಡ್ ಮುಖ ಸಿಂಡರಿಸಬಹುದು. ಆದರೂ ಇಡಿ, 17ನೆಯದರಂಥ ಸಾಲಿನಲ್ಲಿ b ಗಿಂತ ಅದೇ ಹೆಚ್ಚು ನಂಬಿಕಸ್ಥ. ಒಂದೇ ಎಚ್ಚರ, ಅದು ಏರಿದರೆ ಪ್ರಶ್ನೆ ಸುಲಭ, b ಏರಿದರೆ ಕಷ್ಟ. ಇದನ್ನು ಕೋಷ್ಟಕದ ಕೆಳಗೇ ಬರೆಯಿರಿ. a ಯನ್ನು 1.7 ರ ಗುಣಕವಿಲ್ಲದ ಲಾಜಿಸ್ಟಿಕ್ ಅಳತೆಯಲ್ಲಿ ಕೊಟ್ಟಿದೆ ಅಂತಲೂ ಸೇರಿಸಿ. ಆ ಗುಣಕ ಬಳಸುವವರಿಗೆ ಇದೇ ಪ್ರಶ್ನೆಯ a 0.12 ಅಂತ ಬರುತ್ತದೆ.

ಯಾವುದಾದರೂ a ಋಣಾತ್ಮಕವಾಗಿದ್ದರೆ ವರದಿಗೆ ಮೊದಲು ಕೀ ಉತ್ತರ ತೆಗೆದು ನೋಡಿ. ಕೀ ಸರಿಯಿದ್ದರೆ, ಹೆಚ್ಚು ಅಂಕ ಪಡೆದವರು ಯಾವ ತಪ್ಪು ಆಯ್ಕೆಗೆ ಬಿದ್ದಿದ್ದಾರೆ ಅಂತ ಎಣಿಸಿ. ಎರಡು ಆಯ್ಕೆಗಳು ಸರಿ ಎನ್ನಿಸುವಂಥ ಪ್ರಶ್ನೆಗಳು ಅಲ್ಲೇ ಸಿಕ್ಕಿಬೀಳುತ್ತವೆ.